ಮಂಡಿ ಎಂಆರ್‌ಐ ವರದಿ ಓದುವುದು ಹೇಗೆ: ಎಲ್ಲ ‘ಗ್ರೇಡ್ 2’ ಒಂದೇ ಅಲ್ಲ

ಮಂಡಿಗೆ ಎಂಆರ್‌ಐ ಮಾಡಿಸಿಕೊಂಡವರು ಲಕೋಟೆ ಬಿಚ್ಚಿದ ಕೂಡಲೇ ನೋಡುವುದು ಕೊನೆಯ ನಾಲ್ಕು ಸಾಲನ್ನು. ಅದರಲ್ಲಿ ‘ಟೇರ್’ ಅಂತಲೋ ‘ಗ್ರೇಡ್ 2’ ಅಂತಲೋ ಕಂಡರೆ ಆಪರೇಷನ್ ಖರ್ಚಿನ ಲೆಕ್ಕ ಅಲ್ಲೇ ಶುರು. ಮೈಸೂರಿನಲ್ಲಿ ಸ್ಕ್ಯಾನ್ ಮುಗಿಸಿ ಬಸ್ಸು ಹತ್ತಿದವರು ಮಂಡ್ಯದಲ್ಲಿ ಇಳಿಯುವ ಹೊತ್ತಿಗೆ ವರದಿಯ ಫೋಟೊ ನೆಂಟರಿಷ್ಟರ ವಾಟ್ಸ್‌ಆ್ಯಪ್ ತಲುಪಿರುತ್ತದೆ. ಮೂಳೆ ಡಾಕ್ಟರನ್ನು ಕಾಣುವುದು ಮಾತ್ರ ಇನ್ನೂ ಎರಡು ದಿನ ಬಿಟ್ಟು. ಓದುಗರು ಮತ್ತೆ ಮತ್ತೆ ಕೇಳುವುದು ಈ ನಡುವಿನ ಎರಡು ದಿನದ ಪ್ರಶ್ನೆಯನ್ನೇ: ಇದರಲ್ಲಿ ಏನು ಬರೆದಿದೆ, ಹೆದರಬೇಕಾ?

ಡಾಕ್ಟರ ಎದುರು ಕೂತಾಗ ಅವರ ಮಾತು ಅರ್ಥವಾಗಲಿ, ಸರಿಯಾದ ಪ್ರಶ್ನೆ ಕೇಳಲು ಬರಲಿ ಎಂಬುದಷ್ಟೇ ಈ ಲೇಖನದ ಉದ್ದೇಶ. ಇದನ್ನು ಓದಿ ಚಿಕಿತ್ಸೆ ನಿರ್ಧರಿಸಬೇಡಿ.

ವಿವರಿಸಲು ಅನುಕೂಲವಾಗಲಿ ಅಂತ ಒಂದು ಮಾದರಿ ವರದಿ ಕಟ್ಟಿಕೊಳ್ಳೋಣ. ಪಾಂಡವಪುರದ ಕಡೆಯ ರೈತ, ವಯಸ್ಸು 46. ಗದ್ದೆ ಬದುವಿನ ಮೇಲೆ ಹೋಗುವಾಗ ಬಲಗಾಲು ಕೆಸರಿನಲ್ಲಿ ಹೂತುಕೊಂಡಿತು, ಮೈ ಪಕ್ಕಕ್ಕೆ ವಾಲಿತು, ಮಂಡಿ ಒಳಗಡೆಗೆ ಬಾಗಿತು. ಮಂಡಿಯ ಒಳಮಗ್ಗುಲಲ್ಲಿ ನೋವು, ಮಾರನೇ ದಿನ ಊತ. ಮೂರು ವಾರವಾದರೂ ಪೂರ್ತಿ ಹೋಗಲಿಲ್ಲ ಅಂತ ಎಂಆರ್‌ಐ ಆಯಿತು. ವರದಿಯ ಮುಖ್ಯ ಸಾಲುಗಳು ಹೀಗಿವೆ:

- ಮೀಡಿಯಲ್ ಮೆನಿಸ್ಕಸ್, ಪೋಸ್ಟೀರಿಯರ್ ಹಾರ್ನ್: ಗ್ರೇಡ್ 2 ಸಿಗ್ನಲ್
- ಎಂಸಿಎಲ್: ಗ್ರೇಡ್ 2 ಸ್ಪ್ರೇನ್
- ಎಸಿಎಲ್: ದಪ್ಪಗಾಗಿದೆ, ಎಳೆಗಳು ಮುಂದುವರಿದಿವೆ, ಮ್ಯೂಕಾಯ್ಡ್ ಡಿಜೆನರೇಶನ್ ಅಥವಾ ಪಾರ್ಶಿಯಲ್ ಟೇರ್
- ಮೈಲ್ಡ್ ಜಾಯಿಂಟ್ ಎಫ್ಯೂಷನ್, ಸ್ಮಾಲ್ ಬೇಕರ್ಸ್ ಸಿಸ್ಟ್

ಎರಡು ಕಡೆ ‘ಗ್ರೇಡ್ 2’ ಇದೆ. ಒಂದು ಕಡೆ ಹರಿದಿಲ್ಲ ಅಂತ ಅರ್ಥ, ಇನ್ನೊಂದು ಕಡೆ ಅರ್ಧಂಬರ್ಧ ಹರಿದಿದೆ ಅಂತ ಅರ್ಥ. ವರದಿ ಓದುವವರು ಹೆಚ್ಚಾಗಿ ಎಡವುವುದು ಇಲ್ಲೇ.

1. ವರದಿ ಬಿಚ್ಚುವ ಮೊದಲು ನಿಮ್ಮ ತಕರಾರು ಬರೆದಿಡಿ

ಒಂದು ಬಿಳಿ ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ. ವರದಿ ಓದಿದ ಮೇಲೆ ಬರೆದರೆ ಅದರಲ್ಲಿರುವ ಜಾಗದಲ್ಲೇ ನೋವಿದೆ ಅಂತ ಅನ್ನಿಸಲು ಶುರುವಾಗುತ್ತದೆ. ಹಾಗಾಗಿ ಇದನ್ನು ಮೊದಲೇ ಮಾಡುವುದು ಒಳ್ಳೆಯದು.

ಮೊದಲನೆಯದು, ಪೆಟ್ಟು ಬಿದ್ದದ್ದು ಹೇಗೆ. ಕಾಲು ನೆಲಕ್ಕೆ ಕಚ್ಚಿಕೊಂಡು ಮೈ ತಿರುಗಿತೋ, ಯಾರೋ ಬಂದು ಗುದ್ದಿದರೋ, ಅಥವಾ ಪೆಟ್ಟೇ ಇಲ್ಲದೆ ನೋವು ಬಂತೋ.

ಎರಡನೆಯದು, ಊತ ಬಂದದ್ದು ಯಾವಾಗ. ಪೆಟ್ಟಾಗಿ ಒಂದೆರಡು ಗಂಟೆಯೊಳಗೇ ಮಂಡಿ ಬಿಗಿದು ಉಬ್ಬಿದರೆ ಕೀಲಿನೊಳಗೆ ರಕ್ತ ತುಂಬಿರುವ ಸಂಭವ ಹೆಚ್ಚು. ಎಸಿಎಲ್ ಹರಿದಾಗ, ಮೂಳೆ ಬಿರುಕು ಬಿಟ್ಟಾಗ, ಮಂಡಿಚಿಪ್ಪು ಜಾರಿದಾಗ ಹೀಗಾಗುತ್ತದೆ. ಮಾರನೇ ದಿನ ನಿಧಾನವಾಗಿ ಬಂದ ಊತವಾದರೆ ಸಾಮಾನ್ಯವಾಗಿ ಅದು ಕೀಲು ತಾನೇ ಒಸರಿದ ನೀರು.

ಮೂರನೆಯದು, ನೋವಿನ ಜಾಗ. ಅಂಗೈಯಿಟ್ಟು ಇಡೀ ಮಂಡಿ ತೋರಿಸಬೇಡಿ, ಒಂದೇ ಬೆರಳಿನಲ್ಲಿ ತೋರಿಸಿ. ಕುರ್ಚಿಯ ಮೇಲೆ ಮಂಡಿ ಮಡಚಿ ಕೂತು, ಮಂಡಿಚಿಪ್ಪಿನ ಕೆಳಗಿರುವ ಗಟ್ಟಿ ನರದಂಥ ಪಟ್ಟಿಯ ಪಕ್ಕ ಬೆರಳಿಡಿ. ಅಲ್ಲೊಂದು ಮೆತ್ತನೆಯ ಕುಳಿ ಸಿಗುತ್ತದೆ. ಅಲ್ಲಿಂದ ಒಳಮಗ್ಗುಲಿನತ್ತ ಬೆರಳು ಜಾರಿಸುತ್ತ ಹೋದರೆ ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವಿನ ಸಂದು ಗೊತ್ತಾಗುತ್ತದೆ. ನೋವು ಈ ಸಂದಿನ ಮೇಲೇ, ಅದರಲ್ಲೂ ಹಿಂಭಾಗದ ಕಡೆಗೆ ಇದ್ದರೆ ಮೆನಿಸ್ಕಸ್ ಮೇಲೆ ಅನುಮಾನ. ಸಂದಿಗಿಂತ ಎರಡು ಬೆರಳು ಮೇಲೆ, ತೊಡೆಮೂಳೆಯ ಒಳಗಡೆಯ ಉಬ್ಬಿನ ಮೇಲೆ ಒತ್ತಿದಾಗ ಜೀವ ಹೋದಂತಾದರೆ ಎಂಸಿಎಲ್ ಮೇಲೆ ಅನುಮಾನ, ಏಕೆಂದರೆ ಆ ಪಟ್ಟಿ ಮೂಳೆಗೆ ಅಂಟಿರುವುದು ಅಲ್ಲೇ. ನಮ್ಮ ಮಾದರಿ ರೈತ ಬೆರಳಿಟ್ಟು ತೋರಿಸುವುದು ಈ ಎರಡನೇ ಜಾಗವನ್ನು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಲ್ಕನೆಯದು, ಮಂಡಿ ಕೈಕೊಡುತ್ತದೆಯೇ, ಸಿಕ್ಕಿಕೊಳ್ಳುತ್ತದೆಯೇ. ತಿರುವಿನಲ್ಲಿ ನಡೆಯುವಾಗ ಮಂಡಿ ಕಳಚಿದಂತಾಗುವುದು ಒಂದು. ಮಡಚಿದ ಕಾಲು ಪೂರ್ತಿ ನೀಡಲು ಬಾರದಿರುವುದು ಇನ್ನೊಂದು. ನೋವಿನಿಂದ ನೀಡದಿರುವುದಕ್ಕೂ ಒಳಗೆ ಏನೋ ಅಡ್ಡ ಬಂದು ನೀಡಲಾಗದಿರುವುದಕ್ಕೂ ವ್ಯತ್ಯಾಸವಿದೆ. ಚಾಪೆಯ ಮೇಲೆ ಅಂಗಾತ ಮಲಗಿ ಎರಡೂ ಮಂಡಿಯ ಹಿಂಭಾಗವನ್ನು ನೆಲದತ್ತ ಒತ್ತಿ ನೋಡಿ. ಒಂದು ನೆಲಕ್ಕೆ ತಾಗಿ, ಇನ್ನೊಂದು ಎಷ್ಟೇ ಮೆಲ್ಲಗೆ ಪ್ರಯತ್ನಿಸಿದರೂ ಪ್ರತಿಸಲ ಅದೇ ಜಾಗದಲ್ಲಿ ನಿಂತುಬಿಟ್ಟರೆ ಅದು ‘ಲಾಕ್’. ಆಗ ಎರಡು ದಿನ ಕಾಯಬೇಡಿ.

2. ವರದಿಯ ತಲೆಭಾಗ ನೋಡಿ

ಹೆಸರು, ವಯಸ್ಸು, ದಿನಾಂಕ, ಮುಖ್ಯವಾಗಿ ಎಡವೋ ಬಲವೋ. ಎಡ-ಬಲದ ತಪ್ಪು ಅಪರೂಪ, ಆದರೆ ಆಗುತ್ತದೆ. ಚಿತ್ರದ ಮೂಲೆಯಲ್ಲಿರುವ ಗುರುತಿಗೂ ವರದಿಯ ಮಾತಿಗೂ ತಾಳೆಯಾಗಬೇಕು.

‘ಕ್ಲಿನಿಕಲ್ ಹಿಸ್ಟರಿ’ ಎಂಬ ಸಾಲಿನಲ್ಲಿ ಬರೀ ‘ಮಂಡಿ ನೋವು’ ಅಂತಿದ್ದರೆ, ಚಿತ್ರ ಓದಿದ ರೇಡಿಯಾಲಜಿಸ್ಟರಿಗೆ ನಿಮ್ಮ ಕೆಸರಿನ ಕಥೆ ಗೊತ್ತಿರಲಿಲ್ಲ ಅಂತಲೇ ಅರ್ಥ. ಹಳೇ ಆಪರೇಷನ್ ಆಗಿದ್ದು ಅದು ಇಲ್ಲಿ ನಮೂದಾಗಿಲ್ಲ ಎಂದರೆ ಡಾಕ್ಟರಿಗೆ ಕಡ್ಡಾಯವಾಗಿ ಹೇಳಿ. ಹೊಲಿಗೆ ಹಾಕಿ ಸರಿಹೋದ ಮೆನಿಸ್ಕಸ್ ಕೂಡ ಮುಂದೆ ಬಹಳ ಕಾಲ ಎಂಆರ್‌ಐನಲ್ಲಿ ಹರಿದಂತೆಯೇ ಕಾಣಬಹುದು.

ಟಿ1, ಟಿ2, ಪಿಡಿ ಫ್ಯಾಟ್‌ಸ್ಯಾಟ್, ಸ್ಟಿರ್ ಅಂತ ಬರೆದಿರುವುದು ಚಿತ್ರ ತೆಗೆದ ಬಗೆಗಳ ಹೆಸರು. ನಿಮಗೆ ಒಂದು ವಿಷಯ ಗೊತ್ತಿದ್ದರೆ ಸಾಕು: ಮೆನಿಸ್ಕಸ್ ಮತ್ತು ಲಿಗಮೆಂಟ್ ಸಾಮಾನ್ಯವಾಗಿ ಕಪ್ಪಗೆ ಕಾಣಬೇಕು, ಟಿ2, ಫ್ಯಾಟ್‌ಸ್ಯಾಟ್ ಮತ್ತು ಸ್ಟಿರ್ ಚಿತ್ರಗಳಲ್ಲಿ ನೀರು ಬೆಳ್ಳಗೆ ಹೊಳೆಯುತ್ತದೆ. ಕಪ್ಪಗಿರಬೇಕಾದ ಕಡೆ ಬಿಳುಪು ಕಂಡರೆ ಅದನ್ನೇ ವರದಿಯಲ್ಲಿ ‘ಸಿಗ್ನಲ್’ ಅಥವಾ ‘ಹೈಪರ್‌ಇಂಟೆನ್ಸಿಟಿ’ ಅಂತ ಬರೆಯುತ್ತಾರೆ. ಅಂದರೆ ಆ ಪದ ಹೇಳುವುದು ಬಣ್ಣದ ಬದಲಾವಣೆಯನ್ನು. ಕಾಯಿಲೆ ಯಾವುದು ಅಂತ ಅದೊಂದೇ ಹೇಳುವುದಿಲ್ಲ.

3. ಮೆನಿಸ್ಕಸ್ ಸಾಲು: ಬಿಳುಪು ಮೇಲ್ಮೈ ಮುಟ್ಟಿದೆಯೇ?

ಮೆನಿಸ್ಕಸ್ ಎಂದರೆ ತೊಡೆಮೂಳೆ ಮತ್ತು ಕೆಳಗಾಲಿನ ಮೂಳೆಯ ನಡುವೆ ಕೂತಿರುವ, ಅರ್ಧಚಂದ್ರಾಕಾರದ, ರಬ್ಬರಿನಂತೆ ಬಾಗುವ ಮೆತ್ತೆ. ಡಾಕ್ಟರುಗಳು ಕನ್ನಡದಲ್ಲಿ ಹೇಳುವಾಗ ಇದನ್ನೂ ‘ಜವ್ವು’ ಅನ್ನುತ್ತಾರೆ, ಲಿಗಮೆಂಟನ್ನೂ ‘ಜವ್ವು’ ಅನ್ನುವವರಿದ್ದಾರೆ. ಹಾಗಾಗಿ ಯಾರಾದರೂ ಜವ್ವು ಹರಿದಿದೆ ಅಂದರೆ ಯಾವುದು ಅಂತ ಕೇಳಿಕೊಳ್ಳಿ. ಪ್ರತಿ ಮಂಡಿಯಲ್ಲೂ ಎರಡು ಮೆನಿಸ್ಕಸ್: ‘ಮೀಡಿಯಲ್’ ಅಂದರೆ ಒಳಮಗ್ಗುಲಿನದು, ‘ಲ್ಯಾಟರಲ್’ ಅಂದರೆ ಹೊರಮಗ್ಗುಲಿನದು. ಒಂದೊಂದಕ್ಕೂ ಮುಂದಿನ ತುದಿ ‘ಆಂಟೀರಿಯರ್ ಹಾರ್ನ್’, ನಡುಭಾಗ ‘ಬಾಡಿ’, ಹಿಂದಿನ ತುದಿ ‘ಪೋಸ್ಟೀರಿಯರ್ ಹಾರ್ನ್’. ಹಿಂದಿನ ತುದಿ ಮೂಳೆಗೆ ಬೇರೂರುವ ಜಾಗ ‘ಪೋಸ್ಟೀರಿಯರ್ ರೂಟ್’.

ಈಗ ಗ್ರೇಡ್. ಮೆನಿಸ್ಕಸ್‌ನ ಒಳಗೆ ಚುಕ್ಕಿಯಂತೆ ಬಿಳುಪಿದ್ದರೆ ಗ್ರೇಡ್ 1. ಗೆರೆಯಂತೆ ಇದ್ದು, ಮೂಳೆಗಳ ಕಡೆಗಿನ ಮೇಲ್ಮೈಯನ್ನು ಮುಟ್ಟದಿದ್ದರೆ ಗ್ರೇಡ್ 2. ಗೆರೆ ಮೇಲ್ಮೈಯನ್ನು ಮುಟ್ಟಿ ಹೊರಬಂದಿದ್ದರೆ ಗ್ರೇಡ್ 3. ಹರಿದಿದೆ ಅನ್ನುವುದು ಗ್ರೇಡ್ 3ನ್ನು ಮಾತ್ರ. ಗ್ರೇಡ್ 1 ಮತ್ತು 2 ದೊಡ್ಡವರಲ್ಲಿ ವಯಸ್ಸಿಗೆ ಸಹಜವಾಗಿ ಆಗುವ ಸವೆತ. ಮಕ್ಕಳಲ್ಲಾದರೆ ಅಲ್ಲಿ ಹರಿಯುವ ರಕ್ತನಾಳಗಳಿಂದಲೂ ಹಾಗೆ ಕಾಣುತ್ತದೆ. ನಮ್ಮ ರೈತನ ಮೊದಲ ಸಾಲು ಹೇಳುವುದು ಇಷ್ಟೇ: ಒಳಮಗ್ಗುಲಿನ ಮೆನಿಸ್ಕಸ್‌ನ ಹಿಂದಿನ ತುದಿಯ ಒಳಗೆ ಗೆರೆಯಿದೆ, ಹರಿದಿಲ್ಲ.

ಇಲ್ಲೊಂದು ಸಂಕಟವಿದೆ. ಕೆಲವು ವರದಿಗಳಲ್ಲಿ ‘ಗ್ರೇಡ್ 2 ಟೇರ್’ ಅಂತಲೇ ಬರೆದಿರುತ್ತಾರೆ. ಮೇಲಿನ ಲೆಕ್ಕದ ಪ್ರಕಾರ ಅದು ತನ್ನನ್ನು ತಾನೇ ಅಲ್ಲಗಳೆಯುವ ಮಾತು. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: “ಡಾಕ್ಟ್ರೇ, ಈ ಗೆರೆ ಮೇಲ್ಮೈ ಮುಟ್ಟಿದೆಯಾ?”

ಮುಟ್ಟಿದೆಯೋ ಇಲ್ಲವೋ ಹೇಳುವುದೂ ಯಾವಾಗಲೂ ಸುಲಭವಲ್ಲ. ಬ್ರೆಡ್ಡನ್ನು ಹಲ್ಲೆ ಹಲ್ಲೆಯಾಗಿ ಕೊಯ್ದಂತೆ ಎಂಆರ್‌ಐ ಮಂಡಿಯನ್ನು ಸಾಮಾನ್ಯವಾಗಿ 3–4 ಮಿಲಿಮೀಟರ್ ದಪ್ಪದ ಪದರಗಳಾಗಿ ತೋರಿಸುತ್ತದೆ. ಗೆರೆ ಎರಡು ಅಥವಾ ಹೆಚ್ಚು ಪದರಗಳಲ್ಲಿ ಮೇಲ್ಮೈ ಮುಟ್ಟಿದಂತೆ ಕಂಡರೆ ಹರಿದಿದೆ ಎಂದು ಧೈರ್ಯವಾಗಿ ಬರೆಯುತ್ತಾರೆ. ಒಂದೇ ಪದರದಲ್ಲಿ ಕಂಡರೆ ‘ಪಾಸಿಬಲ್ ಟೇರ್’ ಅಥವಾ ‘ಗ್ರೇಡ್ 2–3’ ಅಂತ ಅನುಮಾನ ಉಳಿಸಿ ಬರೆಯುತ್ತಾರೆ. ಅದು ರೇಡಿಯಾಲಜಿಸ್ಟರ ಪ್ರಾಮಾಣಿಕತೆ. ‘ಸಜೆಸ್ಟಿವ್ ಆಫ್’, ‘ಕ್ಲಿನಿಕಲ್ ಕೋರಿಲೇಷನ್’ ಅಂತ ಇದ್ದರೂ ಹಾಗೆಯೇ: ರೋಗಿಯ ಮಂಡಿ ಮುಟ್ಟಿ ನೋಡಿದವರು ತೀರ್ಮಾನಿಸಲಿ ಅಂತ.

ನಿಜವಾಗಿಯೂ ಹರಿದಿದ್ದರೆ ಗ್ರೇಡ್‌ಗಿಂತ ಹರಿದ ಆಕಾರವೇ ಮುಖ್ಯ. ‘ಹಾರಿಜಾಂಟಲ್’ ಅಂದರೆ ಮೆತ್ತೆ ಎರಡು ಹಾಳೆಯಾಗಿ ಅಡ್ಡಲಾಗಿ ಸೀಳಿದೆ; ನಲವತ್ತು ದಾಟಿದವರಲ್ಲಿ ಸವೆತದಿಂದ ಬರುವುದು ಹೆಚ್ಚಾಗಿ ಇದೇ. ‘ಬಕೆಟ್ ಹ್ಯಾಂಡಲ್’ ಅಂದರೆ ಉದ್ದಕ್ಕೆ ಸೀಳಿದ ಒಳಪಟ್ಟಿ ಮಗುಚಿ ಕೀಲಿನ ನಡುವೆ ಬಂದು ಕೂತಿದೆ. ಮಂಡಿ ಲಾಕ್ ಆಗುವುದು ಇಂಥದ್ದರಿಂದ, ಇದಕ್ಕೆ ತಡಮಾಡದೆ ಶಸ್ತ್ರಚಿಕಿತ್ಸಕರನ್ನು ಕಾಣಬೇಕು.

ಇನ್ನೊಂದು ಇದೆ, ಸದ್ದಿಲ್ಲದೆ ತಪ್ಪಿಸಿಕೊಳ್ಳುವಂಥದ್ದು: ‘ರೂಟ್ ಟೇರ್’. ಐವತ್ತರ ಆಸುಪಾಸಿನ ಹೆಂಗಸು ಕುಕ್ಕರುಗಾಲಿನಲ್ಲಿ ಕೂತು ಎದ್ದಾಗ, ಅಥವಾ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ, ಮಂಡಿಯ ಹಿಂದೆ ಟಕ್ ಅಂದಿತು, ಆಮೇಲೆ ಕಾಲೂರಲು ಆಗಲಿಲ್ಲ ಎಂದರೆ ವರದಿಯಲ್ಲಿ ‘ರೂಟ್’ ಎಂಬ ಪದವನ್ನು ಹುಡುಕಿ. ಬೇರು ಕಿತ್ತರೆ ಮೆನಿಸ್ಕಸ್ ಭಾರ ತಡೆಯಲಾರದೆ ಮೂಳೆಯ ಅಂಚಿನಿಂದ ಹೊರಗೆ ತಳ್ಳಿಕೊಳ್ಳುತ್ತದೆ. ಅದನ್ನು ‘ಎಕ್ಸ್‌ಟ್ರೂಷನ್’ ಅನ್ನುತ್ತಾರೆ. 3 ಮಿಲಿಮೀಟರ್ ದಾಟಿದರೆ ಗಂಭೀರವಾಗಿ ತೆಗೆದುಕೊಳ್ಳುವುದು ರೂಢಿ. ಇದನ್ನು ‘ವಯಸ್ಸಿನ ಸವೆತ’ ಅಂತ ಪಕ್ಕಕ್ಕಿಟ್ಟರೆ ಕೀಲು ಬೇಗ ಸವೆಯುತ್ತ ಹೋಗಬಹುದು, ಹೊಲಿಯಬಹುದಾದ ಕಾಲವೂ ಕಳೆದುಹೋಗಬಹುದು. ವರದಿಯಲ್ಲಿ ‘ಡಿಜೆನರೇಟಿವ್’ ಎಂದಷ್ಟೇ ಇದ್ದು ನಿಮ್ಮ ಕಥೆ ಮೇಲಿನಂತಿದ್ದರೆ, “ರೂಟ್ ಚೆನ್ನಾಗಿದೆಯಾ?” ಎಂದು ನೇರವಾಗಿ ಕೇಳಿ.

4. ಲಿಗಮೆಂಟ್ ಸಾಲು: ಇಲ್ಲಿ ಗ್ರೇಡಿನ ಲೆಕ್ಕವೇ ಬೇರೆ

ಲಿಗಮೆಂಟ್ ಎಂದರೆ ಮೂಳೆಯಿಂದ ಮೂಳೆಗೆ ಬಿಗಿದಿರುವ ಪಟ್ಟಿ. ಮಂಡಿಯಲ್ಲಿ ಮುಖ್ಯವಾದವು ನಾಲ್ಕು. ಒಳಮಗ್ಗುಲಿನಲ್ಲಿ ಎಂಸಿಎಲ್, ಹೊರಮಗ್ಗುಲಿನಲ್ಲಿ ಎಲ್‌ಸಿಎಲ್. ಕೀಲಿನ ನಡುವೆ ಕತ್ತರಿಯಂತೆ ಅಡ್ಡಹಾಯ್ದಿರುವ ಎಸಿಎಲ್ ಮತ್ತು ಪಿಸಿಎಲ್.

‘ಸ್ಪ್ರೇನ್’ ಅಂದರೆ ಉಳುಕು. ನಮ್ಮ ಮಾತಿನಲ್ಲಿ ಉಳುಕು ಎಂದರೆ ಸಣ್ಣದು. ವರದಿಯಲ್ಲಿ ಹಾಗಲ್ಲ, ಪೂರ್ತಿ ಹರಿದದ್ದೂ ‘ಗ್ರೇಡ್ 3 ಸ್ಪ್ರೇನ್’. ಗ್ರೇಡ್ 1 ಎಂದರೆ ಎಳೆಗಳು ಸರಿಯಿವೆ, ಸುತ್ತ ನೀರು ಕಟ್ಟಿದೆ. ಗ್ರೇಡ್ 2 ಎಂದರೆ ಒಂದಷ್ಟು ಎಳೆ ಹರಿದಿವೆ, ಒಂದಷ್ಟು ಉಳಿದಿವೆ. ಗ್ರೇಡ್ 3 ಎಂದರೆ ಪಟ್ಟಿ ಪೂರ್ತಿ ತುಂಡಾಗಿದೆ.

ಈಗ ರೈತನ ವರದಿಗೆ ಬನ್ನಿ. ಮೆನಿಸ್ಕಸ್‌ನ ಗ್ರೇಡ್ 2 ಹರಿದಿಲ್ಲ ಅನ್ನುತ್ತದೆ, ಎಂಸಿಎಲ್‌ನ ಗ್ರೇಡ್ 2 ಭಾಗಶಃ ಹರಿದಿದೆ ಅನ್ನುತ್ತದೆ. ಮಂಡಿ ಒಳಗಡೆಗೆ ಬಾಗಿದಾಗ ಒಳಮಗ್ಗುಲಿನ ಪಟ್ಟಿಗೇ ಎಳೆತ ಬೀಳುವುದು. ಅವನು ಬೆರಳಿಟ್ಟು ತೋರಿಸಿದ್ದೂ ಸಂದಿಗಿಂತ ಮೇಲೆ, ಎಂಸಿಎಲ್ ಅಂಟಿರುವ ಜಾಗವನ್ನೇ. ಪೆಟ್ಟಿನ ಬಗೆ, ನೋವಿನ ಜಾಗ, ಚಿತ್ರ ಮೂರೂ ಒಂದೇ ಮಾತು ಹೇಳುತ್ತಿವೆ. ಅಂದರೆ ಅವನ ತಕರಾರಿಗೆ ಕಾರಣ ಪಟ್ಟಿಯ ಗಾಯ. ಮೆನಿಸ್ಕಸ್‌ನ ಗೆರೆ ಬಹುಶಃ ಕೆಸರಿಗೆ ಕಾಲಿಡುವ ಮುಂಚೆಯೂ ಇತ್ತು.

ಡಾಕ್ಟರು ಇದನ್ನು ಕೈಯಲ್ಲೇ ಖಚಿತ ಮಾಡಿಕೊಳ್ಳುತ್ತಾರೆ. ಮಂಡಿಯನ್ನು ಸುಮಾರು 30 ಡಿಗ್ರಿ ಮಡಚಿ, ಪಾದವನ್ನು ಹೊರಗಡೆಗೆ ತಳ್ಳಿ, ಒಳಮಗ್ಗುಲಿನ ಸಂದು ಎಷ್ಟು ಬಾಯಿ ತೆರೆಯುತ್ತದೆ ಅಂತ ನೋಡುತ್ತಾರೆ. ಆಮೇಲೆ ಕಾಲು ಪೂರ್ತಿ ನೀಡಿಸಿ ಅದನ್ನೇ ಮಾಡುತ್ತಾರೆ. ಮಡಚಿದಾಗ ಮಾತ್ರ ಸ್ವಲ್ಪ ತೆರೆದು ಗಟ್ಟಿಯಾಗಿ ನಿಂತರೆ ಎಂಸಿಎಲ್ ಒಂದಕ್ಕೇ ಪೆಟ್ಟು. ನೀಡಿದಾಗಲೂ ತೆರೆದುಕೊಂಡರೆ ಬೇರೆ ಲಿಗಮೆಂಟುಗಳೂ ಹೋಗಿವೆ ಅಂತ ಹುಡುಕಬೇಕು. ಎಂಸಿಎಲ್‌ಗೆ ರಕ್ತ ಸಂಚಾರ ಚೆನ್ನಾಗಿದೆ; ಒಂಟಿಯಾಗಿ ಗಾಯವಾದ ಗ್ರೇಡ್ 1, 2 ಸಾಮಾನ್ಯವಾಗಿ ಆಪರೇಷನ್ ಇಲ್ಲದೆ ಕೂಡಿಕೊಳ್ಳುತ್ತವೆ. ಗ್ರೇಡ್ 2ಕ್ಕೆ ಪಕ್ಕದಲ್ಲಿ ಕೀಲುಳ್ಳ ಪಟ್ಟಿ, ಅಂದರೆ ಹಿಂಜ್ಡ್ ಬ್ರೇಸ್, ಜೊತೆಗೆ ಫಿಸಿಯೋಥೆರಪಿ, ಅಂದಾಜು 4ರಿಂದ 6 ವಾರ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಬಟ್ಟೆಯ ನೀ-ಕ್ಯಾಪ್ ಮಂಡಿಯನ್ನು ಪಕ್ಕಕ್ಕೆ ಬಾಗದಂತೆ ತಡೆಯುವುದಿಲ್ಲ. ಊದಿರುವ ಮಂಡಿಯನ್ನು ಎಣ್ಣೆ ಹಾಕಿ ಜೋರಾಗಿ ನೀವಿಸಿಕೊಳ್ಳುವುದೂ ಬೇಡ.

ಎಸಿಎಲ್ ಸಾಲು ತೊಡಕಿನದು. ‘ಮ್ಯೂಕಾಯ್ಡ್ ಡಿಜೆನರೇಶನ್’ ಎಂದರೆ ಪಟ್ಟಿಯ ಎಳೆಗಳ ನಡುವೆ ಲೋಳೆಯಂಥ ವಸ್ತು ಸೇರಿಕೊಂಡು ಅದು ಊದಿರುವುದು. ಇದು ನಡುವಯಸ್ಸಿನ ಮೇಲೆ ಕಾಣುತ್ತದೆ. ಮಂಡಿ ಪೂರ್ತಿ ಮಡಚಿದಾಗ ಹಿಂಭಾಗ ನೋಯಬಹುದು, ಆದರೆ ಪಟ್ಟಿ ಗಟ್ಟಿಯಾಗಿಯೇ ಇರುತ್ತದೆ. ಚಿತ್ರದಲ್ಲಿ ಮಾತ್ರ ಇದೂ ಭಾಗಶಃ ಹರಿದದ್ದೂ ಹೆಚ್ಚುಕಮ್ಮಿ ಒಂದೇ ಥರ ಬೆಳ್ಳಗೆ ಕಾಣುತ್ತವೆ. ಎಸಿಎಲ್ ಪೂರ್ತಿ ಹರಿದಿದ್ದರೆ ಎಂಆರ್‌ಐ ಚೆನ್ನಾಗಿಯೇ ಹಿಡಿಯುತ್ತದೆ; ಭಾಗಶಃ ಹರಿದದ್ದರಲ್ಲಿ ಅದರ ಮಾತಿಗೆ ಅಷ್ಟು ಬೆಲೆಯಿಲ್ಲ. ತೀರ್ಮಾನ ಆಗುವುದು ‘ಲ್ಯಾಕ್‌ಮನ್’ ಪರೀಕ್ಷೆಯಲ್ಲಿ. ಡಾಕ್ಟರು ಮಂಡಿಯನ್ನು 20–30 ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆಯುತ್ತಾರೆ. ಎರಡೂ ಕಾಲಿನಲ್ಲಿ ಒಂದೇ ಸಮ ಬಿಗಿಯಾಗಿ ನಿಂತರೆ ಪಟ್ಟಿ ಕೆಲಸ ಮಾಡುತ್ತಿದೆ. ನಿಮ್ಮ ಮಂಡಿ ಮುಟ್ಟದೆ, ಒಳ್ಳೆಯ ಕಾಲಿನ ಜೊತೆ ಹೋಲಿಸದೆ ಬರೀ ಈ ಸಾಲನ್ನು ನೋಡಿ ಎಸಿಎಲ್ ಆಪರೇಷನ್ ಮಾತೆತ್ತಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

5. ಉಳಿದ ಸಾಲುಗಳು

ಇವನ್ನು ಬೇಗ ಮುಗಿಸಬಹುದು. ‘ಎಫ್ಯೂಷನ್’ ಅಂದರೆ ಕೀಲಿನಲ್ಲಿ ನೀರು. ‘ಮೈಲ್ಡ್’ ಇದ್ದರೆ ಅದಕ್ಕಾಗಿಯೇ ಚಿಕಿತ್ಸೆ ಬೇಕಿಲ್ಲ. ‘ಬೇಕರ್ಸ್ ಸಿಸ್ಟ್’ ಅಂದರೆ ಆ ನೀರು ಮಂಡಿಯ ಹಿಂಭಾಗಕ್ಕೆ ನುಗ್ಗಿ ಚೀಲದಂತೆ ನಿಂತಿರುವುದು. ಗಡ್ಡೆ ಅಂತ ಗಾಬರಿಯಾಗುವವರು ಬಹಳ. ಇದು ಕ್ಯಾನ್ಸರ್ ಅಲ್ಲ, ನೀರಿನ ಮೂಲ ಸರಿಹೋದರೆ ಸಾಮಾನ್ಯವಾಗಿ ಇದೂ ಕುಗ್ಗುತ್ತದೆ.

‘ಮ್ಯಾರೋ ಎಡೀಮಾ’ ಅಥವಾ ‘ಬೋನ್ ಕಂಟ್ಯೂಷನ್’ ಇದ್ದರೆ ಮಾತ್ರ ಸ್ವಲ್ಪ ನಿಲ್ಲಿ. ಅದು ಮೂಳೆಯ ಒಳಗಿನ ಜಜ್ಜು. ಎಕ್ಸ್‌ರೇಯಲ್ಲಿ ಕಾಣದ ಈ ಜಜ್ಜು ನೋವಿಗೆ ದೊಡ್ಡ ಕಾರಣವಾಗಬಲ್ಲದು, ತಿಂಗಳುಗಟ್ಟಲೆ ಚಿತ್ರದಲ್ಲಿ ಉಳಿಯಲೂಬಹುದು. ‘ಕಾಂಡ್ರೋಮಲೇಶಿಯ’ ಎಂಬುದು ಮೂಳೆಯ ತುದಿಗೆ ಹೊದ್ದಿರುವ ನುಣುಪು ಪದರದ ಸವೆತ. ಇದಕ್ಕೆ 1ರಿಂದ 4ರವರೆಗೆ ಮತ್ತೆ ಬೇರೆಯದೇ ಗ್ರೇಡ್. 4 ಅಂದರೆ ಪದರ ಹೋಗಿ ಮೂಳೆ ಬರಿದಾಗಿದೆ. ಒಂದೇ ವರದಿಯಲ್ಲಿ ಮೂರು ಬಗೆಯ ಗ್ರೇಡ್ ಇರಬಹುದು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಬೇಡಿ.

6. ಚಿತ್ರ ಹೇಳಲಾಗದ ಮಾತುಗಳು

ಮೊದಲನೆಯದು, ನೋವು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವರ್ಷದ 991 ಜನರಿಗೆ, ಮಂಡಿ ನೋವಿದೆಯೋ ಇಲ್ಲವೋ ನೋಡದೆ, ಎಂಆರ್‌ಐ ಮಾಡಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೆನಿಸ್ಕಸ್ ಹರಿದಿದ್ದವರಲ್ಲಿ 61 ಶೇಕಡಾ ಜನರಿಗೆ ಹಿಂದಿನ ಒಂದು ತಿಂಗಳಿನಲ್ಲಿ ನೋವು, ಬಿಗಿತ ಏನೂ ಇರಲಿಲ್ಲ. ಅಂದಮೇಲೆ ಐವತ್ತು ದಾಟಿದವರ ವರದಿಯಲ್ಲಿ ‘ಟೇರ್’ ಕಂಡಿತು ಎಂದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅಂತ ಹೇಳಲು ಬರುವುದಿಲ್ಲ. ನೋವಿನ ಜಾಗವೂ ಹರಿದ ಜಾಗವೂ ಹೊಂದಬೇಕು. ಹೊರಮಗ್ಗುಲು ನೋಯುತ್ತಿದ್ದು ವರದಿಯಲ್ಲಿ ಒಳಮಗ್ಗುಲಿನ ಮೆನಿಸ್ಕಸ್ ಹರಿದಿದೆ ಅಂತಿದ್ದರೆ, ಹುಡುಕಾಟ ಮುಗಿದಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಅಧ್ಯಯನವೂ ತಿಳಿದಿರಲಿ. ಫಿನ್ಲೆಂಡಿನಲ್ಲಿ ಸವೆತದಿಂದ ಒಳಮಗ್ಗುಲಿನ ಮೆನಿಸ್ಕಸ್ ಹರಿದಿದ್ದ, ಆದರೆ ಕೀಲು ಸವೆತದ ರೋಗವಿರದ, 35ರಿಂದ 65 ವರ್ಷದ 146 ಜನರಲ್ಲಿ ಕೆಲವರಿಗೆ ದುರ್ಬೀನಿನ ಶಸ್ತ್ರಚಿಕಿತ್ಸೆಯಲ್ಲಿ ಹರಿದ ಚೂರು ಕತ್ತರಿಸಿದರು; ಉಳಿದವರಿಗೆ ಕತ್ತರಿಸಿದಂತೆ ನಟಿಸಿದರು, ಅಷ್ಟೇ. 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ 12 ತಿಂಗಳ ನಂತರ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಸಮ ಸುಧಾರಿಸಿದ್ದವು. ಇದು ಲಾಕ್ ಆದ ಮಂಡಿಗಾಗಲಿ, ರೂಟ್ ಕಿತ್ತದ್ದಕ್ಕಾಗಲಿ, ಆಟವಾಡುವಾಗ ಹರಿದುಕೊಂಡ ಇಪ್ಪತ್ತರ ಹುಡುಗನಿಗಾಗಲಿ ಅನ್ವಯಿಸುವ ಮಾತಲ್ಲ. ಸವೆತದ ಟೇರ್ ಇದ್ದವರಿಗೆ “ಮೊದಲು ಮೂರು ತಿಂಗಳು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮಾಡಿ ನೋಡೋಣ” ಅಂತ ಡಾಕ್ಟರು ಅಂದರೆ ಅವರು ಕಾಲಹರಣ ಮಾಡುತ್ತಿಲ್ಲ ಅಂತ ತಿಳಿಯಿರಿ.

ಎರಡನೆಯದು, ಮಂಡಿಯ ಹಿಡಿತ. ಎಂಆರ್‌ಐನಲ್ಲಿ ನೀವು ಅಲುಗಾಡದೆ ಮಲಗಿರುತ್ತೀರಿ, ಮಂಡಿಯ ಮೇಲೆ ಮೈಭಾರ ಇರುವುದಿಲ್ಲ. ಬಸ್ಸಿನಿಂದ ಇಳಿಯುವಾಗ, ಕಬ್ಬಿನ ಹೊರೆ ಹೊತ್ತು ತಿರುಗುವಾಗ ಮಂಡಿ ಜಾರುತ್ತದೆಯೇ ಅನ್ನುವುದು ಆ ಚಿತ್ರಕ್ಕೆ ಸಿಗುವುದಿಲ್ಲ. ಕೀಲಿನ ಸಂದು ಎಷ್ಟು ಕಿರಿದಾಗಿದೆ ಅಂತ ತಿಳಿಯಲೂ ನಿಂತುಕೊಂಡು ತೆಗೆಸಿದ ಸಾದಾ ಎಕ್ಸ್‌ರೇಯೇ ಬೇಕು. ಐವತ್ತು ದಾಟಿದವರು ಎಕ್ಸ್‌ರೇ ಬಿಟ್ಟು ನೇರ ಎಂಆರ್‌ಐ ಮಾಡಿಸಿದ್ದರೆ ಡಾಕ್ಟರು ಮತ್ತೆ ಎಕ್ಸ್‌ರೇ ಬರೆಯುತ್ತಾರೆ. ದುಡ್ಡು ಕೀಳಲು ಅಂತ ಅಂದುಕೊಳ್ಳಬೇಡಿ.

ಮೂರನೆಯದು, ವಯಸ್ಸು. ನಿಮ್ಮದಲ್ಲ, ಗಾಯದ್ದು. ಸುತ್ತ ಮೂಳೆ ಜಜ್ಜಿದ್ದರೆ, ಊತವಿದ್ದರೆ ಹೊಸ ಗಾಯ ಅಂತ ಊಹಿಸಬಹುದು. ಮೆನಿಸ್ಕಸ್‌ನಲ್ಲಿ ಒಂದು ಗೆರೆ ಮಾತ್ರ ಇದ್ದರೆ ಅದು ಕಳೆದ ತಿಂಗಳದ್ದೋ ಐದು ವರ್ಷದ ಹಿಂದಿನದ್ದೋ ಹೇಳುವುದು ಕಷ್ಟ.

ಚಿತ್ರ ಮೋಸ ಮಾಡುವುದೂ ಉಂಟು. ಎಳೆಗಳು ಯಂತ್ರದ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಕೋನದಲ್ಲಿ ಬಿದ್ದಾಗ ಚೆನ್ನಾಗಿರುವ ಪಟ್ಟಿಯೂ ಕೆಲವು ಬಗೆಯ ಚಿತ್ರಗಳಲ್ಲಿ ಬೆಳ್ಳಗೆ ಕಾಣುತ್ತದೆ. ‘ಮ್ಯಾಜಿಕ್ ಆ್ಯಂಗಲ್’ ಅಂತ ಅದರ ಹೆಸರು. ಹೊರಮಗ್ಗುಲಿನ ಮೆನಿಸ್ಕಸ್‌ನ ಹಿಂಭಾಗದಲ್ಲಿ ಹಾದುಹೋಗುವ ಸ್ನಾಯುವಿನ ತಂತು ಕೂಡ ಹರಿದ ಗೆರೆಯಂತೆ ತೋರಬಹುದು. ಇವೆಲ್ಲ ರೇಡಿಯಾಲಜಿಸ್ಟರಿಗೆ ಗೊತ್ತಿರುವ ಬಲೆಗಳು. ಫೋನಿನಲ್ಲಿ ಒಂದು ಚಿತ್ರ ಹಿಗ್ಗಿಸಿ ‘ಇಲ್ಲೇ ಬೆಳ್ಳಗಿದೆ ನೋಡಿ’ ಅನ್ನುವ ನೆಂಟರಿಗೆ ಗೊತ್ತಿರುವುದಿಲ್ಲ.

7. ಡಾಕ್ಟರ ಬಳಿ ಹೋಗುವಾಗ

ಮಂಡ್ಯದ ಮಿಮ್ಸ್‌ಗೇ ಹೋಗಿ, ಮೈಸೂರಿನ ಕೆ.ಆರ್. ಆಸ್ಪತ್ರೆಗೇ ಹೋಗಿ, ಖಾಸಗಿಯವರನ್ನೇ ಕಾಣಿ, ವರದಿಯ ಹಾಳೆ ಒಂದನ್ನೇ ಒಯ್ಯಬೇಡಿ. ಅಚ್ಚಾದ ಫಿಲ್ಮಿನಲ್ಲಿ ಇರುವುದು ಸಣ್ಣಗೆ ಜೋಡಿಸಿದ ಚಿತ್ರಗಳು. ಎಲ್ಲ ಪದರಗಳೂ ದೊಡ್ಡದಾಗಿ ನೋಡಲು ಸಿಗುವುದು ಸಿಡಿಯಲ್ಲಿ ಅಥವಾ ಸೆಂಟರಿನವರು ಕಳಿಸುವ ಲಿಂಕಿನಲ್ಲಿ. ಸಿಡಿ ಕೊಡದಿದ್ದರೆ ಕೇಳಿ ಪಡೆಯಿರಿ. ಹಳೇ ಎಕ್ಸ್‌ರೇ ಇದ್ದರೆ ಜೊತೆಗಿರಲಿ. ಚಡ್ಡಿ ಅಥವಾ ಪಂಚೆ ಉಟ್ಟು ಹೋಗಿ, ಹೆಂಗಸರು ಸಡಿಲವಾದ ಪೈಜಾಮ ತೊಡಿ. ಎರಡೂ ಮಂಡಿ ತೊಡೆಯ ಅರ್ಧದವರೆಗೆ ಕಾಣದೆ ಪರೀಕ್ಷೆ ಸರಿಯಾಗಿ ಆಗದು.

ಮೊದಲು ನೀವು ಬರೆದ ಬಿಳಿ ಹಾಳೆ ಕೊಡಿ, ಆಮೇಲೆ ವರದಿ. ಪರೀಕ್ಷೆ ಮುಗಿದ ಮೇಲೆ ಕೇಳಬೇಕಾದದ್ದು ಮೂರು: ನನ್ನ ನೋವಿಗೆ ಇದರಲ್ಲಿ ಯಾವ ಸಾಲು ಕಾರಣ? ಯಾವ ಸಾಲನ್ನು ಬಿಟ್ಟುಬಿಡಬಹುದು? ಆಪರೇಷನ್ ಇಲ್ಲದೆ ಎಷ್ಟು ವಾರ ನೋಡಬಹುದು, ಅಷ್ಟರೊಳಗೆ ಏನಾದರೆ ಬೇಗ ಬರಬೇಕು?

ಅಪಾಯಿಂಟ್‌ಮೆಂಟಿಗೆ ಕಾಯದೆ ಹೋಗಬೇಕಾದ ಸಂದರ್ಭಗಳು ಬೇರೆ ಇವೆ. ಮಂಡಿ ಕೆಂಪಾಗಿ ಸುಡುತ್ತಿದ್ದು ಜ್ವರವೂ ಇದ್ದರೆ ಕೀಲಿನಲ್ಲಿ ಕೀವು ಇರಬಹುದು, ವರದಿಯಲ್ಲಿ ಏನೇ ಬರೆದಿರಲಿ ಅವತ್ತೇ ಹೋಗಿ. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಒಡೆದ ಬೇಕರ್ಸ್ ಸಿಸ್ಟ್ ಕೂಡ ಹಾಗೇ ಕಾಣುವುದರಿಂದ ಮನೆಯಲ್ಲಿ ಕೂತು ತೀರ್ಮಾನಿಸಲು ಹೋಗಬೇಡಿ. ಅದರ ಜೊತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅದು ತುರ್ತು. ಪೆಟ್ಟಾದ ಮೇಲೆ ಪಾದ ತಣ್ಣಗಾದರೂ, ಮೇಲಕ್ಕೆತ್ತಲು ಆಗದಿದ್ದರೂ ಹಾಗೆಯೇ.

ಇನ್ನು ಎಂಆರ್‌ಐ ಮತ್ತೆ ಮಾಡಿಸುವ ವಿಷಯ. ನಮ್ಮ ರೈತ ಆರು ವಾರದ ಮೇಲೆ ನೋವಿಲ್ಲದೆ ಗದ್ದೆಗೆ ಇಳಿಯುತ್ತಿದ್ದಾನೆ, ಡಾಕ್ಟರು ತಳ್ಳಿ ನೋಡಿದಾಗ ಸಂದು ಬಾಯಿ ತೆರೆಯುತ್ತಿಲ್ಲ ಎಂದರೆ ‘ಕೂಡಿಕೊಂಡಿದೆಯಾ ನೋಡೋಣ’ ಅಂತ ಇನ್ನೊಂದು ಸ್ಕ್ಯಾನ್ ಬೇಕಿಲ್ಲ. ವಾಸಿಯಾದ ಪಟ್ಟಿ ಆಗಲೂ ದಪ್ಪಗೆ ಕಾಣಬಹುದು, ಮೆನಿಸ್ಕಸ್‌ನ ಗ್ರೇಡ್ 2 ಗೆರೆ ಇದ್ದಲ್ಲೇ ಇರುತ್ತದೆ, ಹೊಸ ವರದಿ ಹಳೇ ಹೆದರಿಕೆಯನ್ನೇ ಮತ್ತೆ ಅಚ್ಚು ಹಾಕಿ ಕೊಡುತ್ತದೆ. ಹೊಸದಾಗಿ ಪೆಟ್ಟಾದರೆ, ಮಂಡಿ ಸಿಕ್ಕಿಕೊಳ್ಳಲು ಶುರುವಾದರೆ, ಅಥವಾ ಆಪರೇಷನ್ ನಿಶ್ಚಯವಾಗಿ ಹಳೇ ಸ್ಕ್ಯಾನಿಗೆ ತಿಂಗಳುಗಳು ಕಳೆದಿದ್ದರೆ ಮಾತ್ರ ಮತ್ತೆ ಮಾಡಿಸುವ ಮಾತು ಬರುತ್ತದೆ.